ಬ್ಯಾಡಗಿ ಮೆಣಸಿನಕಾಯಿ ಬೆಲೆ ಈ ವಾರ ನಿಜಕ್ಕೂ ಇಳಿಯಿತಾ? ಆವಕ ಮತ್ತು ಮೋಡಲ್ ಬೆಲೆಯಿಂದ ವಾರದ ಲೆಕ್ಕ ತೆಗೆಯುವ ಬಗೆ

ಎಪಿಎಂಸಿಯಿಂದ ದಿನಾ ಬರುವ ಪಟ್ಟಿಯಲ್ಲಿ ಇರುವುದು ನಾಲ್ಕೇ ಅಂಕಿ: ಆವಕ ಎಷ್ಟು, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮೋಡಲ್ ಬೆಲೆ. ಇವನ್ನು ವಾರಕ್ಕೊಂದು ಸಾಲಾಗಿ ಕೂಡಿಸಿ, ಬೆಳೆವಾರು ಏರಿಳಿತ ತೋರಿಸಬೇಕು. ಕೇಳಿದರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಆದರೆ ಸರಾಸರಿಯನ್ನು ಹೇಗೆ ತೆಗೆಯುತ್ತೀರಿ ಅನ್ನುವುದರ ಮೇಲೆ ಒಂದೇ ವಾರದ ಬೆಲೆ ಏರಿದಂತೆಯೂ ಕಾಣಬಹುದು, ಕುಸಿದಂತೆಯೂ ಕಾಣಬಹುದು. ಬ್ಯಾಡಗಿ ಮೆಣಸಿನಕಾಯಿಯನ್ನೇ ಹಿಡಿದು ನೋಡೋಣ. ಈ ಗೊಂದಲ ಇಲ್ಲಿ ಕಾಣುವಷ್ಟು ಢಾಳಾಗಿ ಬೇರೆ ಕಡೆ ಕಾಣುವುದು ಕಡಿಮೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ಸಾಮಾನ್ಯವಾಗಿ ಸೋಮವಾರ ಮತ್ತು ಗುರುವಾರ. ಬರುವ ಮಾಲು ಮುಖ್ಯವಾಗಿ ಮೂರು ಬಗೆಯದು. ಗಿಡ್ಡಗೆ ಉಬ್ಬಿಕೊಂಡಿರುವ ಡಬ್ಬಿ, ಉದ್ದಕ್ಕೆ ತೆಳ್ಳಗೆ ಸುಕ್ಕುಸುಕ್ಕಾಗಿರುವ ಕಡ್ಡಿ, ಮತ್ತು ಖಾರ ಜಾಸ್ತಿ, ಬೆಲೆ ಕಡಿಮೆ ಇರುವ ಗುಂಟೂರು. ಡಬ್ಬಿ, ಕಡ್ಡಿಗೆ ಬೆಲೆ ಸಿಗುವುದು ಬಣ್ಣಕ್ಕೆ. ಹೆಸರಿಗೆ ಎಲ್ಲವೂ ‘ಒಣಮೆಣಸಿನಕಾಯಿ’. ಬೆಲೆಯಲ್ಲಿ ಮಾತ್ರ ಗುಂಟೂರಿಗೂ ಉಳಿದೆರಡಕ್ಕೂ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಅಂತರ ಇರುತ್ತದೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಮೋಡಲ್ ಬೆಲೆ ಅಂದರೆ ಏನು

ಆ ದಿನ ಹೆಚ್ಚಿನ ಮಾಲು ಯಾವ ಬೆಲೆಗೆ ಮಾರಾಟವಾಯಿತೋ ಅದು ಮೋಡಲ್ ಬೆಲೆ. ಇದು ಸರಾಸರಿ ಅಲ್ಲ. ಕನಿಷ್ಠ ಮತ್ತು ಗರಿಷ್ಠ ಕೂಡಿಸಿ ಎರಡರಿಂದ ಭಾಗಿಸಿದ್ದೂ ಅಲ್ಲ. ಗರಿಷ್ಠ ಬೆಲೆ ಒಂದೇ ಒಂದು ಲಾಟ್‌ಗೆ ಸಿಕ್ಕಿರಬಹುದು. ಕಡುಗೆಂಪು ಬಣ್ಣದ, ಚೆನ್ನಾಗಿ ಒಣಗಿದ ನಾಲ್ಕು ಚೀಲ ಡಬ್ಬಿಗೆ ದಾಖಲೆ ಬೆಲೆ ಬಂದರೆ ಮರುದಿನ ಪೇಪರಿನ ತಲೆಬರಹ ಅದೇ ಆಗುತ್ತದೆ. ಚೀಲ ಹೊತ್ತು ತಂದ ಉಳಿದ ರೈತರಿಗೆ ಆ ಬೆಲೆ ಸಿಕ್ಕಿರುವುದಿಲ್ಲ. ಹಾಗಾಗಿ ಏರಿಳಿತ ನೋಡಲು ಮೋಡಲ್ ಬೆಲೆಯೇ ಸರಿ. ಕನಿಷ್ಠ, ಗರಿಷ್ಠಗಳನ್ನು ತಪಾಸಣೆಗೆ ಇಟ್ಟುಕೊಳ್ಳಿ.

ಮೊದಲು ಹಾಳೆ ಸರಿಮಾಡಿಕೊಳ್ಳಿ

ಅಂಕಿಗಳು ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಸಿಗುತ್ತವೆ, ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲೂ ಸಿಗುತ್ತವೆ. ಒಂದು ಸಾಲು ಅಂದರೆ ಒಂದು ದಿನ, ಒಂದು ಮಾರುಕಟ್ಟೆ, ಒಂದು ತಳಿ. ಎಕ್ಸೆಲ್‌ನಲ್ಲಿ ಒಂದು ಹಾಳೆಗೆ `data` ಎಂದು ಹೆಸರಿಟ್ಟು, ಕಾಲಂಗಳನ್ನು ಹೀಗೆ ಜೋಡಿಸಿಕೊಳ್ಳಿ: A ದಿನಾಂಕ, B ಮಾರುಕಟ್ಟೆ, C ಬೆಳೆ, D ತಳಿ, E ಆವಕ, F ಕನಿಷ್ಠ, G ಗರಿಷ್ಠ, H ಮೋಡಲ್. ಬೆಲೆ ರೂಪಾಯಿಯಲ್ಲಿ, ಒಂದು ಕ್ವಿಂಟಲ್‌ಗೆ.

ಆವಕದ ಅಳತೆ ನೋಡದೆ ಮುಂದೆ ಹೋಗಬೇಡಿ. ಅಗ್‌ಮಾರ್ಕ್‌ನೆಟ್ ವರದಿಗಳಲ್ಲಿ ಆವಕ ಟನ್‌ನಲ್ಲಿ ಇರುತ್ತದೆ, ಬೆಲೆ ಕ್ವಿಂಟಲ್‌ಗೆ ಇರುತ್ತದೆ. ಟನ್ ಇದ್ದರೆ ಹತ್ತರಿಂದ ಗುಣಿಸಿ ಕ್ವಿಂಟಲ್ ಮಾಡಿಕೊಳ್ಳಿ. ಪೂರ್ತಿ ಹಾಳೆ ಒಂದೇ ಅಳತೆಯಲ್ಲಿದ್ದರೆ ಸರಾಸರಿ ಬೆಲೆ ಹೇಗೂ ಸರಿಯಾಗಿಯೇ ಬರುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅರ್ಧ ತಿಂಗಳು ಒಂದು ಕಡೆಯಿಂದ, ಇನ್ನರ್ಧ ಇನ್ನೊಂದು ಕಡೆಯಿಂದ ತಂದು ಅಂಟಿಸಿದಾಗ ಮಾತ್ರ ಕೆಡುತ್ತದೆ. ಆಗ ಆವಕ ಒಂದೇ ವಾರದಲ್ಲಿ ಹತ್ತು ಪಟ್ಟು ಜಿಗಿದಂತೆಯೋ, ಹತ್ತನೇ ಒಂದಕ್ಕೆ ಕುಸಿದಂತೆಯೋ ಕಾಣುತ್ತದೆ.

ಇನ್ನೊಂದು ಕಾಟ ದಿನಾಂಕದ್ದು. 03/02/2025 ಅಂದರೆ ನಮಗೆ ಫೆಬ್ರುವರಿ 3. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ಅದಕ್ಕೆ ಅದು ಮಾರ್ಚ್ 2. ತಾರೀಖು 12 ದಾಟಿದ ಸಾಲುಗಳನ್ನು ಅದು ದಿನಾಂಕ ಎಂದೇ ಒಪ್ಪದೆ ಬರೀ ಅಕ್ಷರವಾಗಿ ಬಿಟ್ಟುಬಿಡುತ್ತದೆ. ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಇದೇ ಕಾರಣ. ಬ್ಯಾಡಗಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಪಕ್ಕದ ಖಾಲಿ ಕಾಲಂನಲ್ಲಿ ವಾರದ ಹೆಸರು ಬರೆಸಿ ನೋಡಿ.

```
=TEXT(A2,"ddd")
```

2025ರ ಫೆಬ್ರುವರಿ 3 ಸೋಮವಾರ, ಟೆಂಡರ್ ದಿನ. ಅದೇ ಮಾರ್ಚ್ 2 ಭಾನುವಾರ. ಪಟ್ಟಿಯಲ್ಲಿ ಭಾನುವಾರ, ಶನಿವಾರ ಕಾಣಿಸಿಕೊಂಡರೆ ತಿಂಗಳು-ತಾರೀಖು ಅದಲುಬದಲಾಗಿದೆ ಎಂದು ಮೊದಲು ಅನುಮಾನಪಡಿ. ಹಬ್ಬದ ರಜೆಗೆ ಟೆಂಡರ್ ಒಂದು ದಿನ ಆಚೀಚೆ ಆಗುವುದೂ ಉಂಟು, ಹಾಗಾಗಿ ಎಲ್ಲ ಬೇರೆ ದಿನಗಳೂ ತಪ್ಪಲ್ಲ.

ಬೆಲೆಗೆ ಇರುವ ಪರೀಕ್ಷೆ ಇನ್ನೂ ಸರಳ. ಮೋಡಲ್ ಯಾವಾಗಲೂ ಕನಿಷ್ಠ ಮತ್ತು ಗರಿಷ್ಠದ ನಡುವೆಯೇ ಇರಬೇಕು.

```
=IF(AND(H2>=F2,H2<=G2),"","ನೋಡಿ")
```

‘ನೋಡಿ’ ಎಂದು ಬಂದ ಸಾಲುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಸೊನ್ನೆ ಬಿಟ್ಟುಹೋಗಿರುವುದು. 30,500 ಹೋಗಿ 3,050 ಆಗಿರುತ್ತದೆ. ಅದೇ ದಿನದ ಕನಿಷ್ಠ, ಗರಿಷ್ಠ ನೋಡಿದರೆ ಯಾವುದು ಸರಿ ಎಂದು ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಆ ಬೆಲೆಯನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ತಳಿಯ ಹೆಸರನ್ನೂ ಒಮ್ಮೆ ಫಿಲ್ಟರ್ ಹಾಕಿ ನೋಡಿ. ಒಂದೇ ಕಡ್ಡಿ ಎರಡು ಸ್ಪೆಲಿಂಗ್‌ನಲ್ಲಿ ಇದ್ದರೆ ಲೆಕ್ಕದಲ್ಲಿ ಅದು ಎರಡು ತಳಿ ಆಗಿಬಿಡುತ್ತದೆ.

ವಾರವನ್ನು ಸೋಮವಾರದ ತಾರೀಖಿನಿಂದ ಗುರುತಿಸಿ

ಎಕ್ಸೆಲ್‌ನಲ್ಲಿ `WEEKNUM` ಇದೆಯಲ್ಲ, ಅದನ್ನೇ ಹಾಕಿದರಾಯಿತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದು ಜನವರಿ 1ಕ್ಕೆ ಎಣಿಕೆಯನ್ನು ಹೊಸದಾಗಿ ಶುರುಮಾಡುತ್ತದೆ. 2024ರ ಡಿಸೆಂಬರ್ 30 ಸೋಮವಾರ, 2025ರ ಜನವರಿ 2 ಗುರುವಾರ. ಎರಡೂ ಒಂದೇ ವಾರದ ಟೆಂಡರ್. `WEEKNUM` ಪ್ರಕಾರ ಮೊದಲನೆಯದು 53ನೇ ವಾರ, ಎರಡನೆಯದು 1ನೇ ವಾರ. ಮೆಣಸಿನಕಾಯಿ ಹಂಗಾಮು ಹೊಸ ವರ್ಷವನ್ನು ದಾಟಿಕೊಂಡೇ ಹೋಗುವುದರಿಂದ ಆ ವಾರ ನಮಗೆ ಎರಡು ತುಂಡಾಗುತ್ತದೆ. ಅದರ ಬದಲು I ಕಾಲಂನಲ್ಲಿ ಆ ವಾರದ ಸೋಮವಾರದ ತಾರೀಖನ್ನೇ ಬರೆಸಿ.

```
=A2-WEEKDAY(A2,2)+1
```

ಈಗ ಎರಡೂ ಸಾಲಿನ ಮುಂದೆ 30 ಡಿಸೆಂಬರ್ 2024 ಎಂದೇ ಬರುತ್ತದೆ. ಗ್ರಾಫ್‌ನಲ್ಲೂ ‘53ನೇ ವಾರ’ ಅನ್ನುವುದಕ್ಕಿಂತ ತಾರೀಖು ಓದುವವರಿಗೆ ಬೇಗ ಅರ್ಥವಾಗುತ್ತದೆ.

ಸರಾಸರಿಗೆ ಆವಕದ ತೂಕ ಕೊಡಿ

ಇಲ್ಲಿಂದ ಮುಂದಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನು ಹಾಕಿಕೊಂಡವು, ಯಾವುದೇ ವಾರದ ನಿಜವಾದ ಬೆಲೆಯಲ್ಲ.

ಒಂದು ವಾರದಲ್ಲಿ ಕಡ್ಡಿ ಸೋಮವಾರ 8,000 ಕ್ವಿಂಟಲ್ ಬಂತು, ಮೋಡಲ್ ಬೆಲೆ 29,500. ಗುರುವಾರ 2,000 ಕ್ವಿಂಟಲ್ ಮಾತ್ರ ಬಂತು, ಬೆಲೆ 32,000ಕ್ಕೆ ಏರಿತು. ಎರಡು ಬೆಲೆಗಳನ್ನು ಸುಮ್ನೆ ಕೂಡಿಸಿ ಭಾಗಿಸಿದರೆ 30,750. ಆದರೆ ಐದರಲ್ಲಿ ನಾಲ್ಕು ಪಾಲು ಮಾಲು ಹೋಗಿದ್ದು ಸೋಮವಾರದ ಕಡಿಮೆ ಬೆಲೆಗೆ ಅಲ್ವಾ? ಪ್ರತಿ ದಿನದ ಆವಕವನ್ನು ಬೆಲೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಆವಕದಿಂದ ಭಾಗಿಸಿ. 23.6 ಕೋಟಿ ಮತ್ತು 6.4 ಕೋಟಿ ಸೇರಿ 30 ಕೋಟಿ ರೂಪಾಯಿ. ಅದನ್ನು 10,000 ಕ್ವಿಂಟಲ್‌ನಿಂದ ಭಾಗಿಸಿದರೆ 30,000. ವಾರದ ಬೆಲೆ ಇದು. ಬಹುಪಾಲು ರೈತರ ಕೈಗೆ ಬಂದ ದುಡ್ಡಿಗೆ ಇದು 30,750ಕ್ಕಿಂತ ಹತ್ತಿರ.

ಇದಕ್ಕಾಗಿ J ಕಾಲಂನಲ್ಲಿ ಮೌಲ್ಯ ಬರೆಸಿ.

```
=IF(AND(E2>0,H2>0),E2*H2,"")
```

ಆಮೇಲೆ ಬೇರೆ ಹಾಳೆಯಲ್ಲಿ A ಕಾಲಂಗೆ ಸೋಮವಾರದ ತಾರೀಖುಗಳನ್ನು, ಮೊದಲ ಸಾಲಿಗೆ ತಳಿಗಳ ಹೆಸರನ್ನು ಬರೆದು, B2ರಲ್ಲಿ ಈ ಸೂತ್ರ ಹಾಕಿ ಎಳೆಯಿರಿ.

```
=IFERROR(
 SUMIFS(data!$J:$J,data!$I:$I,$A2,data!$D:$D,B$1)/
 SUMIFS(data!$E:$E,data!$I:$I,$A2,data!$D:$D,B$1,data!$H:$H,">0"),
 NA())
```

ಕೊನೆಯಲ್ಲಿರುವ `">0"` ಯಾಕೆ ಅಂದರೆ, ಕೆಲವು ದಿನ ಆವಕ ದಾಖಲಾಗಿರುತ್ತದೆ, ಬೆಲೆ ಖಾಲಿ ಇರುತ್ತದೆ. ಅಂಥ ಸಾಲಿನ ಆವಕವನ್ನು ಭಾಗಿಸುವ ಕಡೆ ಸೇರಿಸಿಬಿಟ್ಟರೆ ಅಷ್ಟೂ ಮಾಲು ಪುಕ್ಕಟೆ ಹೋದಂತೆ ಲೆಕ್ಕವಾಗಿ ವಾರದ ಬೆಲೆ ಬಿದ್ದುಹೋಗುತ್ತದೆ. ಬೆಲೆ ಇರುವ ಸಾಲುಗಳ ಆವಕ ಮಾತ್ರ ಇಲ್ಲಿ ಬರಬೇಕು. ವಾರದ ಒಟ್ಟು ಆವಕ ತೋರಿಸುವಾಗ ಮಾತ್ರ ಎಲ್ಲವನ್ನೂ ಸೇರಿಸಿ.

ಪಿವಟ್ ಟೇಬಲ್ ಬಳಸುವವರಿಗೆ ಒಂದು ಎಚ್ಚರಿಕೆ. `Calculated Field` ಮೊದಲು ಕೂಡಿಸುತ್ತದೆ, ಆಮೇಲೆ ಲೆಕ್ಕ ಮಾಡುತ್ತದೆ. ಅಲ್ಲಿ ಮೌಲ್ಯವನ್ನು ಆವಕದಿಂದ ಭಾಗಿಸಿದರೆ ಸರಿಯಾದ ಉತ್ತರವೇ ಬರುತ್ತದೆ, ಬೆಲೆ ಖಾಲಿ ಇರುವ ಸಾಲುಗಳನ್ನು ಮೊದಲೇ ಫಿಲ್ಟರ್ ಮಾಡಿದ್ದರೆ. ಆದರೆ ಆವಕ ಇಂಟು ಮೋಡಲ್ ಬೆಲೆಯನ್ನು ಅಲ್ಲೇ ಗುಣಿಸಲು ಹೋದರೆ, ಅದು ವಾರದ ಆವಕಗಳ ಮೊತ್ತವನ್ನು ಬೆಲೆಗಳ ಮೊತ್ತದಿಂದ ಗುಣಿಸಿ ಅರ್ಥವಿಲ್ಲದ ದೊಡ್ಡ ಸಂಖ್ಯೆ ಕೊಡುತ್ತದೆ. ಗುಣಾಕಾರ ಯಾವಾಗಲೂ ಮೂಲ ಹಾಳೆಯ ಸಾಲಿನಲ್ಲೇ ಆಗಬೇಕು.

ಈ ಮೌಲ್ಯದ ಕಾಲಂ ನೋಡಿ ‘ಈ ವಾರ ಬ್ಯಾಡಗಿಯಲ್ಲಿ ಇಷ್ಟು ಕೋಟಿ ವಹಿವಾಟು’ ಎಂದು ಬರೆಯಬೇಡಿ. ಮೋಡಲ್ ಬೆಲೆಗೆ ಎಲ್ಲ ಮಾಲೂ ಹೋಗಿರುವುದಿಲ್ಲ. ತೂಕ ಕೊಡಲು ಬೇಕಾದ ಮೆಟ್ಟಿಲು ಅದು, ಅಷ್ಟೇ.

ತಳಿ ಬೆರೆತಾಗ ಆಗುವ ಮೋಸ

ಈಗ ಮೂರೂ ತಳಿ ಸೇರಿಸಿ ‘ಒಣಮೆಣಸಿನಕಾಯಿ’ಗೆ ಒಂದೇ ಬೆಲೆ ತೆಗೆಯೋಣ. ಎರಡು ವಾರದ ಅಂಕಿ ಹೀಗಿದೆ ಎಂದುಕೊಳ್ಳಿ. ಆವಕ ಕ್ವಿಂಟಲ್‌ನಲ್ಲಿ, ಬೆಲೆ ರೂಪಾಯಿಯಲ್ಲಿ.

| ತಳಿ | 1ನೇ ವಾರದ ಆವಕ | ಬೆಲೆ | 2ನೇ ವಾರದ ಆವಕ | ಬೆಲೆ |
|---|---|---|---|---|
| ಡಬ್ಬಿ | 2,000 | 40,000 | 1,000 | 41,000 |
| ಕಡ್ಡಿ | 10,000 | 30,000 | 11,000 | 30,500 |
| ಗುಂಟೂರು | 8,000 | 15,000 | 28,000 | 15,500 |

ಮೊದಲ ವಾರದ ಮೌಲ್ಯ 50 ಕೋಟಿ, ಆವಕ 20,000 ಕ್ವಿಂಟಲ್. ಬೆಲೆ 25,000. ಎರಡನೇ ವಾರ 81.05 ಕೋಟಿ, ಆವಕ 40,000. ಬೆಲೆ 20,263. ಅಂದರೆ ಸುಮಾರು 19 ಪ್ರತಿಶತ ಇಳಿಕೆ. ‘ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿತ’ ಎಂದು ಬರೆಯಲು ಅಂಕಿ ಸಿದ್ಧ.

ಪಟ್ಟಿಯನ್ನು ಇನ್ನೊಮ್ಮೆ ಅಡ್ಡಕ್ಕೆ ಓದಿ. ಡಬ್ಬಿ ಸಾವಿರ ಏರಿದೆ, ಕಡ್ಡಿ ಐನೂರು ಏರಿದೆ, ಗುಂಟೂರೂ ಐನೂರು ಏರಿದೆ. ಯಾವ ತಳಿಯ ಬೆಲೆಯೂ ಇಳಿದಿಲ್ಲ. ಆಗಿದ್ದೇನು ಅಂದರೆ, ಅಗ್ಗದ ಗುಂಟೂರು ರಾಶಿ ರಾಶಿಯಾಗಿ ಬಂತು. ಒಟ್ಟು ಆವಕದಲ್ಲಿ ಅದರ ಪಾಲು ಶೇ 40 ಇದ್ದದ್ದು ಶೇ 70 ಆಯಿತು. ಬದಲಾಗಿದ್ದು ಬೆಲೆಯಲ್ಲ, ರಾಶಿಯೊಳಗಿನ ಮಾಲು.

ಹಾಗಾದರೆ ತೂಕವೇ ಬೇಡ, ಮೂರು ತಳಿಯ ಬೆಲೆ ಕೂಡಿಸಿ ಮೂರರಿಂದ ಭಾಗಿಸೋಣ ಅನ್ನಬಹುದು. ಆಗ 28,333ರಿಂದ 29,000ಕ್ಕೆ ಏರಿಕೆ. ದಿಕ್ಕೇನೋ ಸರಿ ಬಂತು. ಆದರೆ ಸಾವಿರ ಕ್ವಿಂಟಲ್ ಡಬ್ಬಿಗೂ ಇಪ್ಪತ್ತೆಂಟು ಸಾವಿರ ಕ್ವಿಂಟಲ್ ಗುಂಟೂರಿಗೂ ಒಂದೇ ಮರ್ಯಾದೆ ಕೊಟ್ಟಂತಾಯಿತು. ಮುಂದೊಂದು ವಾರ ಹತ್ತೇ ಕ್ವಿಂಟಲ್ ಡಬ್ಬಿ ಬಂದು ಅದರ ಬೆಲೆ ಹತ್ತು ಸಾವಿರ ಜಿಗಿದರೆ, ಇಡೀ ಬೆಳೆಯ ಬೆಲೆ ಮೂರು ಸಾವಿರಕ್ಕೂ ಹೆಚ್ಚು ಏರಿದಂತೆ ಕಾಣುತ್ತದೆ.

ನಾನು ಒಪ್ಪುವ ದಾರಿ ತೂಕವನ್ನು ಕಟ್ಟಿಹಾಕುವುದು. ಒಂದು ತಳಿಯ ವಾರದ ಬೆಲೆಗೆ ಆಯಾ ದಿನದ ಆವಕವೇ ತೂಕ, ಮೇಲೆ ಮಾಡಿದ ಹಾಗೆ. ತಳಿಗಳನ್ನು ಸೇರಿಸಿ ಬೆಳೆಯ ಬೆಲೆ ತೆಗೆಯುವಾಗ ಮಾತ್ರ ಪ್ರತಿ ವಾರವೂ ಅದೇ ತೂಕ. ನಮ್ಮ ಉದಾಹರಣೆಯಲ್ಲಿ ಮೊದಲ ವಾರದ ಪಾಲನ್ನೇ ಇಟ್ಟುಕೊಳ್ಳೋಣ: ಡಬ್ಬಿ 0.10, ಕಡ್ಡಿ 0.50, ಗುಂಟೂರು 0.40. ವಾರದ ಹಾಳೆಯಲ್ಲಿ B, C, D ಕಾಲಂನಲ್ಲಿ ಮೂರು ತಳಿಯ ಬೆಲೆ ಇದ್ದರೆ ಸೂತ್ರ ಇಷ್ಟೇ.

```
=B2*0.10+C2*0.50+D2*0.40
```

ಮೊದಲ ವಾರ 25,000, ಎರಡನೇ ವಾರ 25,550. ಶೇ 2.2 ಏರಿಕೆ. ಪಟ್ಟಿಯಲ್ಲಿ ಕಣ್ಣಿಗೆ ಕಂಡದ್ದಕ್ಕೆ ಇದು ಹೊಂದುತ್ತದೆ.

ನಿಜವಾದ ಕೆಲಸದಲ್ಲಿ ಒಂದು ವಾರದ ಪಾಲನ್ನು ನೆಚ್ಚಿಕೊಳ್ಳಬೇಡಿ. ಹಿಂದಿನ ಪೂರ್ತಿ ಹಂಗಾಮಿನಲ್ಲಿ ಪ್ರತಿ ತಳಿಯ ಪಾಲು ಎಷ್ಟಿತ್ತು ನೋಡಿ ಅದನ್ನೇ ತೂಕ ಮಾಡಿ. ಈ ವರ್ಷ ಪೂರ್ತಿ ಅದನ್ನು ಬದಲಿಸಬೇಡಿ, ಯಾವ ವರ್ಷದ ತೂಕ ಎಂದು ಗ್ರಾಫ್ ಕೆಳಗೆ ಬರೆಯಿರಿ. ಒಂದು ವಾರ ಡಬ್ಬಿ ಬರಲೇ ಇಲ್ಲ ಅಂದರೆ ಅದರ ಬೆಲೆ ಸೊನ್ನೆ ಅಲ್ಲ, ಬೆಲೆಯೇ ಇಲ್ಲ. ಆಗ ಎರಡೂ ವಾರದಲ್ಲಿ ಇರುವ ತಳಿಗಳನ್ನು ಮಾತ್ರ ಹೋಲಿಸಿ. ಕಡ್ಡಿ, ಗುಂಟೂರಿನ ತೂಕವನ್ನು ಒಟ್ಟು ಒಂದು ಬರುವಂತೆ ಹಿಗ್ಗಿಸಿಕೊಂಡರೆ 0.556 ಮತ್ತು 0.444. ಆ ಎರಡರಿಂದಲೇ ಹಿಂದಿನ ವಾರದ ಬೆಲೆಯನ್ನೂ ಇನ್ನೊಮ್ಮೆ ತೆಗೆದು ಶೇಕಡಾ ಏರಿಳಿತ ಹೇಳಿ.

ಇದೇ ತೊಂದರೆ ಅಡಿಕೆಯಲ್ಲೂ ಇದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಸೇರಿಸಿ ‘ಅಡಿಕೆ ಬೆಲೆ’ ಎಂದರೆ ಅಡಿಕೆ ಬೆಳೆಗಾರ ಯಾರೂ ಒಪ್ಪುವುದಿಲ್ಲ. ಮಾರುಕಟ್ಟೆಗಳನ್ನು ಸೇರಿಸುವಾಗಲೂ ಅಷ್ಟೇ. ಬ್ಯಾಡಗಿ ಜೊತೆ ಹುಬ್ಬಳ್ಳಿ, ಗದಗ ಸೇರಿಸಿ ರಾಜ್ಯದ ಬೆಲೆ ತೆಗೆಯುವುದಾದರೆ, ಪ್ರತಿ ಮಾರುಕಟ್ಟೆಯ ಪ್ರತಿ ತಳಿಗೂ ಬೇರೆ ಕಾಲಂ, ಬೇರೆ ಕಟ್ಟಿದ ತೂಕ ಬೇಕು.

ಗ್ರಾಫ್‌ನಲ್ಲಿ ತೋರಿಸುವುದು

ಆವಕಕ್ಕೆ ಕಂಬ, ಬೆಲೆಗೆ ಗೆರೆ, ಎರಡಕ್ಕೂ ಬೇರೆ ಬೇರೆ ಅಕ್ಷ. ತಳಿಗೊಂದು ಗೆರೆ ಹಾಕಿ, ಮೇಲೆ ಕಟ್ಟಿದ ತೂಕದ ಬೆಳೆ ಬೆಲೆಯನ್ನು ದಪ್ಪ ಗೆರೆಯಾಗಿ ಹಾಕಿ. ಆವಕದ ಕಂಬವನ್ನು ತಳಿವಾರು ಬಣ್ಣದಲ್ಲಿ ಒಂದರ ಮೇಲೊಂದು ಪೇರಿಸಿದರೆ, ಗುಂಟೂರು ಜಾಸ್ತಿ ಬಂದ ವಾರ ತಾನಾಗಿಯೇ ಕಾಣುತ್ತದೆ. ಮಾತಿನಲ್ಲಿ ವಿವರಿಸುವ ಕೆಲಸ ತಪ್ಪುತ್ತದೆ.

ಟೆಂಡರ್ ನಡೆಯದ ವಾರದಲ್ಲಿ ಗೆರೆ ನೆಲಕ್ಕೆ ಬಿದ್ದು ಮತ್ತೆ ಎದ್ದರೆ ಎಲ್ಲೋ ಸೊನ್ನೆ ಸೇರಿಕೊಂಡಿದೆ ಎಂದರ್ಥ. ಸೂತ್ರದಲ್ಲಿ `NA()` ಬದಲು `""` ಹಾಕಿದ್ದರೂ ಹೀಗೇ ಆಗುತ್ತದೆ. ಕಣ್ಣಿಗೆ ಖಾಲಿ ಕಾಣುವ ಆ ಕೋಶವನ್ನು ಗ್ರಾಫ್ ಸೊನ್ನೆ ಎಂದೇ ಓದುತ್ತದೆ. ಮೇಲಿನ ಸೂತ್ರದಲ್ಲಿ ಬೇಕೆಂದೇ `NA()` ಇಟ್ಟಿದ್ದು ಇದಕ್ಕೆ. ಕೋಶದಲ್ಲಿ `#N/A` ಕಂಡು ಗಾಬರಿಯಾಗಬೇಡಿ.

ನಡೆಯುತ್ತಿರುವ ವಾರವನ್ನು ಸೇರಿಸಬೇಡಿ. ಬುಧವಾರ ಗ್ರಾಫ್ ಮಾಡಿದರೆ ಗುರುವಾರದ ಟೆಂಡರ್ ಇನ್ನೂ ಬಂದಿರುವುದಿಲ್ಲ, ಆವಕ ಕುಸಿದಂತೆ ಕಾಣುತ್ತದೆ. ತೀರಾ ಕಡಿಮೆ ಮಾಲು ಬಂದ ವಾರದ ಬೆಲೆಯನ್ನೂ ನಂಬುವುದು ಕಷ್ಟ. ಹಂಗಾಮಿನ ಸಾಮಾನ್ಯ ವಾರದ ಆವಕದ ಇಪ್ಪತ್ತನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಆ ಬಿಂದುವನ್ನು ಟೊಳ್ಳು ವೃತ್ತವಾಗಿ ತೋರಿಸುವುದು ನನ್ನ ರೂಢಿ. ಈ ಗಡಿಗೆ ನಿಯಮವೇನಿಲ್ಲ, ನಿಮ್ಮ ಮಾರುಕಟ್ಟೆ ನೋಡಿ ಇಟ್ಟುಕೊಳ್ಳಿ.

ಆವಕದ ಕಂಬವನ್ನು ಓದುವಾಗ ಎರಡು ವಿಷಯ ಗಮನದಲ್ಲಿರಲಿ. ಯಾರ್ಡಿನ ಹೊರಗೆ ನಡೆದ ಖರೀದಿ ಇದರಲ್ಲಿ ಇರುವುದಿಲ್ಲ. ಬ್ಯಾಡಗಿ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ತುಂಬಾ ಇವೆ. ಹಂಗಾಮು ಮುಗಿದ ಮೇಲೆ ಟೆಂಡರ್‌ಗೆ ಬರುವ ಮಾಲು ತಿಂಗಳುಗಳ ಹಿಂದೆ ಅಲ್ಲಿ ಇಟ್ಟದ್ದೂ ಆಗಿರಬಹುದು. ಹಾಗಾಗಿ ಮಳೆಗಾಲದಲ್ಲಿ ಕಂಬ ಎತ್ತರವಾದರೆ ಹೊಲದಿಂದ ಹೊಸ ಬೆಳೆ ಬಂತು ಎಂದು ಓದಬಾರದು. ಬೆಲೆ ಏರಿದ ವಾರದಲ್ಲೇ ಆವಕವೂ ಏರಿದ್ದರೆ, ಇಟ್ಟವರು ಮಾಲು ಹೊರಗೆ ತೆಗೆಯುತ್ತಿದ್ದಾರಾ ಎಂದು ಒಂದೆರಡು ದಲಾಲಿ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಕಾರಣ ಬರೆಯಿರಿ.